ಟೆರಿಕಾಟ್ ಅಂಗಿ, ಒಗೆಯುವ ಕಲ್ಲು

ಬಸವಕಲ್ಯಾಣ, ಹುಮನಾಬಾದಿನ ಮಕ್ಕಳು ಶಾಲೆಗೆ ತೊಡುವ ಟೆರಿಕಾಟ್ ಸಮವಸ್ತ್ರ ಹೊಂದಾಣಿಕೆಯಿಲ್ಲದ ಗಂಡ ಹೆಂಡಿರ ಸಂಸಾರದಂಥದ್ದು. ಅದರಲ್ಲಿ ಸಾಮಾನ್ಯವಾಗಿ 67 ಪಾಲು ಪಾಲಿಯೆಸ್ಟರ್, 33 ಪಾಲು ಹತ್ತಿ ಇರುತ್ತದೆ. ಹತ್ತಿ ನೀರು ಕಂಡರೆ ಹೀರುತ್ತದೆ, ಪಾಲಿಯೆಸ್ಟರ್ ನೀರನ್ನು ಹತ್ತಿರ ಸೇರಿಸುವುದಿಲ್ಲ. ರಾತ್ರಿ ಒಗೆದ ಅಂಗಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಒಣಗುವುದು ಈ ಎರಡನೆಯದರ ಕೃಪೆ.

ಕಲ್ಲಿಗೆ ಬಡಿದು, ಬ್ರಷ್ಷಿನಿಂದ ತಿಕ್ಕಿದಾಗ ಮೊದಲು ಸೋಲುವುದು ಹತ್ತಿ. ಅದರ ಎಳೆಗಳು ತುಂಡಾಗಿ ನೊರೆಯ ಜೊತೆ ಮೋರಿ ಸೇರುತ್ತವೆ, ಪಾಲಿಯೆಸ್ಟರ್ ಅಸ್ಥಿಪಂಜರದ ಹಾಗೆ ಉಳಿಯುತ್ತದೆ. ಎರಡೂ ನೂಲಿಗೆ ಹಾಕುವ ಬಣ್ಣ ಬೇರೆ ಬೇರೆ. ಆದ್ದರಿಂದ ಹತ್ತಿ ಉದುರಿದ ಕಾಲರಿನ ಅಂಚು, ಜೇಬಿನ ಮೂಲೆ ಮೊದಲು ಬೆಳ್ಳಗಾಗುತ್ತವೆ. ಹುಡುಗ ಉದ್ದವಾದನೆಂದು ಪ್ಯಾಂಟಿನ ಕೆಳಮಡಿಕೆ ಬಿಚ್ಚಿದರೆ ಅಂಗಡಿಯಲ್ಲಿ ಕಂಡ ಬಣ್ಣ ಅಲ್ಲಿ ನಾಲ್ಕು ಬೆರಳಗಲ ಹಾಗೇ ಇರುತ್ತದೆ. ಸವೆದ ಎಳೆಗಳು ಬಟ್ಟೆಯ ಮೇಲೆ ಉಂಡೆ ಕಟ್ಟುವುದೂ ಉಂಟು. ಬರೀ ಹತ್ತಿಯಾಗಿದ್ದರೆ ಉಂಡೆ ತಾನೇ ಉದುರೀತು, ಗಟ್ಟಿ ಪಾಲಿಯೆಸ್ಟರ್ ಎಳೆ ಅದನ್ನು ಬಿಟ್ಟುಕೊಡುವುದಿಲ್ಲ.

ಕಲೆಗಳ ವಿಷಯದಲ್ಲಿ ಮಾತ್ರ ಗಟ್ಟಿಗನೇ ಕೈಕೊಡುತ್ತಾನೆ. ನೀರನ್ನು ದೂರವಿಡುವ ಪಾಲಿಯೆಸ್ಟರ್ ಎಣ್ಣೆಯನ್ನು ಅಪ್ಪಿಕೊಳ್ಳುತ್ತದೆ. ತಲೆಗೆ ಧಾರಾಳ ಕೊಬ್ಬರಿ ಎಣ್ಣೆ ಹಚ್ಚಿಸಿಕೊಂಡು ಬಂದ ಮಗುವಿನ ಕಾಲರೇ ಇದಕ್ಕೆ ಸಾಕ್ಷಿ. ಗಡಸು ಬೋರ್‌ವೆಲ್ ನೀರಿನಲ್ಲಿ ಬಾರ್ ಸೋಪು ಹಾಕಿದರೆ ಸೋಪು ನೀರಿನ ಸುಣ್ಣದ ಜೊತೆ ಸೇರಿ ಬೂದು ಕೆನೆಯಾಗುತ್ತದೆ. ಅದೂ ಜಿಡ್ಡಿನ ಮೇಲೆ ಕೂತು ಬಿಳಿ ಅಂಗಿ ಮಸುಕಾಗುತ್ತದೆ. ಕಾಲರನ್ನು ನೆನೆಸುವ ಮೊದಲೇ, ಒಣಗಿರುವಾಗ, ಪಾತ್ರೆ ತೊಳೆಯುವ ದ್ರವವನ್ನೋ ಶಾಂಪೂವನ್ನೋ ಬೆರಳಲ್ಲಿ ಉಜ್ಜಿ ಕಾಲು ಗಂಟೆ ಬಿಟ್ಟು, ಉಗುರುಬೆಚ್ಚಗಿನ ನೀರಿನಲ್ಲಿ ಒಗೆಯಬೇಕು.

ಬಿಸಿಯೂಟದ ಸಾಂಬಾರು ಚೆಲ್ಲಿದರೆ ಎಣ್ಣೆಯ ಜೊತೆ ಅರಿಶಿನವೂ ಇರುತ್ತದೆ. ಸೋಪು ತಾಗಿದೊಡನೆ ಹಳದಿ ಕಲೆ ಕೆಂಪಾಗಿ, ಮಗು ಎಲ್ಲಿ ಬಿದ್ದು ಬಂತೋ ಎಂದು ಅವ್ವ ಮೊಣಕಾಲು ನೋಡುತ್ತಾಳೆ. ಅದು ಕ್ಷಾರದ ಆಟ. ಚೆನ್ನಾಗಿ ಜಾಲಿಸಿದರೆ ಮತ್ತೆ ಹಳದಿಯಾಗುತ್ತದೆ. ಜಿಡ್ಡು ತೆಗೆದು ಬಿಸಿಲಿಗೆ ಹಾಕಿದರೆ ಎರಡು ಮೂರು ದಿನಕ್ಕೆ ಅದೂ ಮಾಸುತ್ತದೆ.

ಹುಮನಾಬಾದ್ ಕಡೆಯ ಕೆಂಪು ಮಣ್ಣಿಗೆ ಬಿಸಿಲಿನ ಭಯವಿಲ್ಲ, ಅದರ ಬಣ್ಣ ಕಬ್ಬಿಣದ್ದು. ಹಸಿಯಾಗಿರುವಾಗ ಉಜ್ಜಿದರೆ ಸಣ್ಣ ಕಣಗಳು ನೂಲಿನ ಸಂದಿಗೆ ಇಳಿಯುತ್ತವೆ. ಒಣಗಲು ಬಿಟ್ಟು, ಕೊಡವಿ, ಆಮೇಲೆ ಒಗೆಯುವುದೇ ಸರಿ. ಇಲ್ಲಿ ಬ್ಲೀಚಿಂಗ್ ಪುಡಿ ಹಾಕಿದರೆ ಕಬ್ಬಿಣ ಕದಲುವುದಿಲ್ಲ, ಹೋಗುವುದು ಬಡಪಾಯಿ ಹತ್ತಿಯ ಕಸುವು. ಅಂಥ ಅಂಗಿ ಹೊರಗೆ ಬೆಳ್ಳಗೆ ಕಂಡರೂ ಗೆಳೆಯ ಹಿಂದಿನಿಂದ ಹಿಡಿದು ಎಳೆದಾಗ ಪರ್ರನೆ ಹರಿಯುತ್ತದೆ.