ಒಣಗಬೇಕಾದವರು ಯಾರು?

ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾವ ಊರಿಗೆ ಹೋದರೂ ನಿವೃತ್ತ ಇಂಗ್ಲಿಷ್ ಮೇಷ್ಟ್ರೊಬ್ಬರು ಸಿಕ್ಕೇ ಸಿಗುತ್ತಾರೆ. ನಮ್ಮ ಕೊಟ್ಟೂರಿನವರು ಮಿರ್ಚಿ ಕಟ್ಟಿಕೊಟ್ಟ ಕಾಗದವನ್ನೂ ತಿದ್ದದೆ ಎಸೆದವರಲ್ಲ. ಪಿಂಚಣಿ ತಡವಾದರೂ ತಡೆದಾರು, ಕೆಂಪು ಪೆನ್ನಿನ ಮಸಿ ಮುಗಿದರೆ ತಡೆಯಲಾರರು.

ಮುಂಗಾರಿಗೆ ಮೊದಲು ಹಗರಿಬೊಮ್ಮನಹಳ್ಳಿ ಕಡೆಯ ರೈತನೊಬ್ಬ ಶೇಂಗಾ ಬೀಜಕ್ಕೆ ಲೇಪಿಸುವ ರೈಜೋಬಿಯಂ ಪೊಟ್ಟಣ ಹಿಡಿದು ಚಾ ಅಂಗಡಿಗೆ ಬಂದ. ಅದರ ಹಿಂದೆ ಎರಡು ಸಾಲು: ‘ಮಿಕ್ಸ್ ದ ಪೌಡರ್ ವಿತ್ ದ ಸೀಡ್. ಆಫ್ಟರ್ ಡ್ರೈಯಿಂಗ್ ಇನ್ ದ ಶೇಡ್ ಫಾರ್ 30 ಮಿನಿಟ್ಸ್, ಸೋ ಇಟ್.’

“ಇದರ ಪ್ರಕಾರ ಅರ್ಧ ತಾಸು ನೆರಳಾಗ ಒಣಗಬೇಕಾದಾವ ನೀನಪಾ!” ಎಂದರು ಮೇಷ್ಟ್ರು.

“ಬಿಸಿಲಾಗ ದಿನಾ ಒಣಗತೀನಲ್ರಿ ಸರ.”

ಆಮೇಲೆ ಪಾಠ ಶುರುವಾಯಿತು. ಕನ್ನಡದಲ್ಲಿ ‘ಒಣಗಿ ಬಿತ್ತು’ ಬೇರೆ, ‘ಒಣಗಿಸಿ ಬಿತ್ತು’ ಬೇರೆ. ಒಂದು ‘ಸಿ’ ನಮ್ಮನ್ನು ಕಾಯುತ್ತದೆ. ಇಂಗ್ಲಿಷಿನ ‘ಡ್ರೈಯಿಂಗ್’ ಎರಡಕ್ಕೂ ಒಂದೇ. ಏನನ್ನು ಒಣಗಿಸಬೇಕೆಂದು ಹೇಳದಿದ್ದರೆ ಅದು ಅಲ್ಪವಿರಾಮದಾಚೆ ಮೊದಲು ಸಿಕ್ಕ ಕರ್ತೃವಿನ ಕೊರಳಿಗೆ ಜೋತುಬೀಳುತ್ತದೆ. ‘ಸೋ’ ಎಂಬುದು ಆಜ್ಞೆ. ಅದರ ಕರ್ತೃ ಕಣ್ಣಿಗೆ ಕಾಣದ ‘ಯೂ’, ಅಂದರೆ ಪಾಪ, ಈ ರೈತ.

ಇನ್ನು ‘ಇಟ್’. ಮೇಷ್ಟ್ರು ಅದರ ಮೇಲೆ ಬೆರಳಿಟ್ಟು ಹಿಂದಕ್ಕೆ ಸರಿಸುತ್ತಾರೆ. ದಾರಿಯಲ್ಲಿ ಹೊಂದುವ ನಾಮಪದ ಒಂದೇ ಇದ್ದರೆ ಸರ್ವನಾಮಕ್ಕೆ ಜಾಮೀನು. ಇಲ್ಲಿ ಸೀಡೂ ಇದೆ, ಪೌಡರೂ ಇದೆ, ಎರಡೂ ಏಕವಚನ. ಪುಡಿಯನ್ನೇ ಬಿತ್ತಿದರೆ ತಪ್ಪು ಯಾರದು? ನೆರಳಿನ ಮಾತಂತೂ ಹಗುರವಾದದ್ದಲ್ಲ. ರೈಜೋಬಿಯಂ ಜೀವಂತ ಸೂಕ್ಷ್ಮಾಣು. ಲೇಪಿಸಿದ ಬೀಜವನ್ನು ಬಿಸಿಲಿಗೆ ಹರವಿದರೆ ಸಾಯುತ್ತದೆ.

ತಿದ್ದುಪಡಿ ಹೀಗಾಯಿತು: ‘ಕೋಟ್ ದ ಸೀಡ್ಸ್ ವಿತ್ ದ ಪೌಡರ್. ಸ್ಪ್ರೆಡ್ ದ ಕೋಟೆಡ್ ಸೀಡ್ಸ್ ಇನ್ ದ ಶೇಡ್ ಫಾರ್ 30 ಮಿನಿಟ್ಸ್. ದೆನ್ ಸೋ ದ ಸೀಡ್ಸ್.’

“ಸೀಡ್ಸ್ ಮೂರು ಸಲ ಬಂತಲ್ರಿ? ಇದಕ್ಕೇ ನನ್ನ ಪ್ರಬಂಧದಾಗ ಮಾರ್ಕ್ಸ್ ಕಳೆದಿದ್ರಿ,” ಎಂದ ಅವರ ಹಳೆಯ ಶಿಷ್ಯ, ಈಗಿನ ಚಾ ಅಂಗಡಿ ಮಾಲೀಕ.

ಮೇಷ್ಟ್ರು ಸೋಲಲಿಲ್ಲ. “ಹಡಗಲಿ ತಾಲ್ಲೂಕಿನ ಮೈಲಾರದಾಗ ಗೊರವಯ್ಯ ಬಿಲ್ಲು ಏರಿ ಒಂದು ಸಾಲು ಕಾರ್ಣೀಕ ನುಡೀತಾನ. ವರ್ಷವಿಡೀ ಮಳಿಗೊಂದು, ರಾಜಕೀಯಕ್ಕೊಂದು ಅರ್ಥ ಹಚ್ಚತೀವಿ. ಪೊಟ್ಟಣದ ಮ್ಯಾಲಿಂದು ಕಾರ್ಣೀಕ ಅಲ್ಲೋ!”

ಮನೆಯಲ್ಲಿ ಮಾತ್ರ ಈ ವಿದ್ಯೆ ನಡೆಯುವುದಿಲ್ಲ. “ಒಗ್ಗರಣಿ ಮ್ಯಾಲೆ ತಾಟು ಮುಚ್ಚೀನಿ, ಅದನ್ನ ತಗೊಂಡು ತಿನ್ರಿ,” ಎಂದರು ಹೆಂಡತಿ.

“ಯಾವುದನ್ನ, ತಾಟನ್ನ?”

ಅಂದು ಎರಡೂ ಸಿಗಲಿಲ್ಲ.

ನಿಮ್ಮಲ್ಲಿ ಅರ್ಥವಾಗದ ಇಂಗ್ಲಿಷ್ ಚೀಟಿ ಇದ್ದರೆ ಚಾ ಅಂಗಡಿಗೆ ತನ್ನಿ. ತಿದ್ದುವುದು ಪುಕ್ಕಟೆ, ಮಿರ್ಚಿಯ ಬಿಲ್ಲು ನಿಮ್ಮದು.