ಶೀಟ್ ಭಾವ

ನಮ್ಮ ಭಾವನವರಿಗೆ ಐಡಿಯಾಗಳ ಬರವಿಲ್ಲ. ಅವರ ಎಕ್ಸೆಲ್ ಶೀಟಿನಲ್ಲಿ ಸ್ಟಾರ್ಟಪ್ ಐಡಿಯಾಗಳು ತೊಂಬತ್ತರ ಹತ್ತಿರ ಬಂದಿವೆ. ಶನಿವಾರ ಬಂತೆಂದರೆ ಜರಡಿ ಹಿಡಿಯಲು ಕೂರುತ್ತಾರೆ. ಬೇಡಿಕೆ ಎಷ್ಟು, ಖರ್ಚು ಎಷ್ಟು, ನನಗೆ ಒಗ್ಗುತ್ತದೋ ಇಲ್ಲವೋ ಎಂದು ಮೂರು ಕಾಲಂ. ಪ್ರತಿಯೊಂದಕ್ಕೂ ಐದರಲ್ಲಿ ಅಂಕ. ಅಂಕ ಕೊಡುವವರೂ ಅವರೇ, ಪಡೆಯುವವರೂ ಅವರೇ.

ಮೊದಲ ಸ್ಥಾನ ದೋಸೆ ಹಿಟ್ಟಿನದು. ಬೇಡಿಕೆಗೆ ಐದು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ‘ಮನೆಗೇ ಹಿಟ್ಟು ತಂದುಕೊಟ್ಟರೆ ಕೊಳ್ತೀರಾ?’ ಎಂದು ಕೇಳಿದಾಗ ಅರವತ್ತು ಹೆಬ್ಬೆರಳು ಮೇಲೆದ್ದಿದ್ದವು.

“ರೀ, ಹೆಬ್ಬೆರಳು ಎತ್ತೋಕೆ ಕಾಸು ಬೇಕಾ? ಮುಂದಿನ ವಾರದ ಹಿಟ್ಟಿಗೆ ಈಗಲೇ ಎಂಬತ್ತು ರೂಪಾಯಿ ಕೊಡಿ ಅಂತ ಕೇಳಿ ನೋಡಿ” ಎಂದಳು ಅಕ್ಕ.

ಕೇಳಿದರು. ಕೊಟ್ಟವರು ನಾಲ್ಕು ಜನ. ಅವರಲ್ಲೊಬ್ಬರು ನಮ್ಮ ಅಮ್ಮ.

ಖರ್ಚಿಗೆ ನಾಲ್ಕು ಅಂಕ. ಅಕ್ಕ ಪೆನ್ನು ಕಸಿದುಕೊಂಡು ಬರೆದಳು. ಕಿಲೋ ಹಿಟ್ಟಿಗೆ ಅಕ್ಕಿ, ಉದ್ದು, ಕರೆಂಟು, ಪ್ಯಾಕೆಟ್ ಸೇರಿ 45 ರೂಪಾಯಿ. ಹುಡುಗ ತಲುಪಿಸಲು 30. ಎಂಬತ್ತರಲ್ಲಿ ಉಳಿಯುವುದು ಐದು. ತಣ್ಣನೆಯ ಗೋದಾಮಿಗೆ ತಿಂಗಳಿಗೆ 20,000 ಬಾಡಿಗೆ ಎಂದರೂ, ಬರೀ ಬಾಡಿಗೆ ಹುಟ್ಟಲು 4,000 ಪ್ಯಾಕೆಟ್ ಹೋಗಬೇಕು. ಏಪ್ರಿಲ್ ಸೆಖೆಗೆ ಉಬ್ಬಿ ಒಡೆಯುವ ಪ್ಯಾಕೆಟ್ಟುಗಳನ್ನು ಅವಳಿನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಒಗ್ಗುವಿಕೆಗೆ ಮತ್ತೆ ಐದು. ಯಾಕೆಂದರೆ ಭಾವನವರಿಗೆ ದೋಸೆ ಇಷ್ಟ! ಇಷ್ಟವಿದ್ದರಷ್ಟೇ ಸಾಕೆ? ಬೆಂಗಳೂರಿನಲ್ಲೇ 2005ರಲ್ಲಿ ಹಿಟ್ಟು ಮಾರಲು ಹೊರಟ ಐಡಿ ಫ್ರೆಶ್‌ನವರ ಕುಟುಂಬಕ್ಕೆ ಕಿರಾಣಿ ಅಂಗಡಿಯಿತ್ತು. ಹಿಟ್ಟಿನ ಬಗ್ಗೆ ಗಿರಾಕಿಗಳ ದೂರು ಗಲ್ಲಾಪೆಟ್ಟಿಗೆಯ ಮುಂದೆಯೇ ಕೇಳಿಸುತ್ತಿತ್ತು. ಅಲ್ಲದೆ ಬೆಳಗ್ಗೆ ಆರಕ್ಕೆ ಬಾಗಿಲಿಗೆ ಹಿಟ್ಟು ಬರಬೇಕು. ಭಾವನವರು ಏಳುವುದು ಒಂಬತ್ತಕ್ಕೆ.

ಅಸಲು ಎಡವಟ್ಟಿರುವುದು ಅವರು ಮೂರನ್ನೂ ಕೂಡಿಸುವುದರಲ್ಲಿ. ಕೂಡಿಸಿದರೆ ಒಂದರ ಸೊನ್ನೆಯನ್ನು ಉಳಿದೆರಡು ಹೊತ್ತು ದಾಟಿಸಿಬಿಡುತ್ತವೆ. ಯಾವುದೇ ಒಂದರಲ್ಲಿ ಫೇಲಾದರೂ ಹೊರಗೆ ಹಾಕಬೇಕು. ಹಾಗೆ ಮಾಡಿದರೆ ತೊಂಬತ್ತು ಐಡಿಯಾ ಒಂದೇ ಸಂಜೆಗೆ ಐದಾರಕ್ಕೆ ಇಳಿಯುತ್ತವೆ. ಆದರೆ ಆಮೇಲೆ ಶನಿವಾರಗಳಂದು ಭಾವನವರು ಏನು ಮಾಡಬೇಕು?

ಪಟ್ಟಿಯ ಕೆಳಗೆಲ್ಲೋ 61ನೆಯ ಸಾಲಿನಲ್ಲಿ ಒಂದಿತ್ತು: ಸಣ್ಣ ಕಾರ್ಖಾನೆಗಳಿಗೆ ಸಂಬಳ, ಪಿಎಫ್, ಇಎಸ್‌ಐ ಲೆಕ್ಕ ಮಾಡಿಕೊಡುವುದು. ಭಾವನವರು ಆಫೀಸಿನಲ್ಲಿ ವರ್ಷಗಟ್ಟಲೆ ಮಾಡಿರುವುದು ಸಂಬಳದ ಸಾಫ್ಟ್‌ವೇರನ್ನೇ. ಪೀಣ್ಯದಲ್ಲಿ ಗಾರ್ಮೆಂಟ್ಸ್ ನಡೆಸುವ ನಮ್ಮ ದೂರದ ನೆಂಟರು ಈ ಕೆಲಸಕ್ಕೆ ತಿಂಗಳಿಗಿಷ್ಟು ಅಂತ ಈಗಾಗಲೇ ಯಾರಿಗೋ ದುಡ್ಡು ತೆರುತ್ತಿದ್ದಾರೆ. ಆದರೂ ಪ್ರತಿ ತಿಂಗಳು 15ರೊಳಗೆ ಹಣ ಕಟ್ಟುವುದು ತಪ್ಪಿ ದಂಡ ಬೀಳುತ್ತದೆ ಎಂದು ಗೋಳಾಡುತ್ತಾರೆ. ಬೇಡಿಕೆಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ? ಭಾವನವರು ಒಗ್ಗುವಿಕೆಗೆ ಒಂದು ಅಂಕ ಕೊಟ್ಟಿದ್ದರು. ಕಾರಣ: ‘ಬೋರು.’

ಕಳೆದ ವಾರ ‘ಪ್ಯಾಷನ್’ ಎಂಬ ನಾಲ್ಕನೆಯ ಕಾಲಂ ಸೇರಿ, ಅದಕ್ಕೆ ಉಳಿದ ಮೂರರಷ್ಟೇ ತೂಕ ಸಿಕ್ಕಿದೆ. ಹಿಟ್ಟು ಮತ್ತೆ ಮೊದಲಿಗೆ ಬಂತು. 61 ಇನ್ನೂ ಕೆಳಗೆ ಜಾರಿತು. ಪೀಣ್ಯದ ನೆಂಟರು ಎರಡು ಸಲ ಫೋನ್ ಮಾಡಿದರು. ಭಾವನವರು ಎತ್ತಲಿಲ್ಲ, ಜರಡಿ ಹಿಡಿಯುತ್ತಿದ್ದರು.