ಓದದ ಪತ್ರಕ್ಕೆ ಧನ್ಯವಾದ

ಅಮೆರಿಕದ ಎಫ್-1 ವೀಸಾ ಅಂಟಿದ ಪಾಸ್‌ಪೋರ್ಟ್ ಕೈಗೆ ಬಂದ ರಾತ್ರಿಯೇ, ಶಿಫಾರಸು ಪತ್ರ ಕೊಟ್ಟ ಮೇಷ್ಟ್ರಿಗೆ ಮೇಲ್ ಬರೆಯಲು ಕೂತೆ. ‘ಜ್ಞಾನದೀಪ’, ‘ಋಣಭಾರ’ ಎಲ್ಲ ಸೇರಿ ಎರಡು ಪುಟವಾಯಿತು. ಥೇಟ್ ನಿವೃತ್ತಿ ಸಮಾರಂಭದ ಬಿನ್ನವತ್ತಳೆ. ಕೊನೆಗೆ ‘ನಿಮ್ಮ ಪತ್ರದ ಒಂದೊಂದು ಸಾಲೂ ಮುತ್ತು’ ಅಂತ ಬೇರೆ ಸೇರಿಸಿದ್ದೆ.

ಅಕ್ಕ ಇಣುಕಿದಳು. ‘ಆ ಪತ್ರ ನೀನು ಯಾವಾಗ ಓದಿದ್ಯೋ?’

ಎದೆ ಧಸಕ್ಕೆಂದಿತು. ಅರ್ಜಿ ತುಂಬುವಾಗ, ಪತ್ರ ನೋಡುವ ಹಕ್ಕು ನನಗೆ ಬೇಡ ಎಂಬ ಚೌಕಕ್ಕೆ ಟಿಕ್ ಹಾಕಿದವನು ನಾನೇ! ಹಾಗೆ ಬಿಟ್ಟುಕೊಟ್ಟರೆ ಅಲ್ಲಿನವರು ಪತ್ರವನ್ನು ಹೆಚ್ಚು ನಂಬುತ್ತಾರೆ. ಓದದ ಮುತ್ತನ್ನು ಹೊಗಳಿದರೆ ಕದ್ದು ನೋಡಿದೆ ಎಂದು ಒಪ್ಪಿಕೊಂಡಂತೆ.

ಮುತ್ತು, ದೀಪ ಎಲ್ಲ ಅಳಿಸಿದೆ. ಉಳಿದದ್ದಿಷ್ಟು: ‘ಸರ್, ಎಂಎಸ್ ಸೀಟು ಸಿಕ್ಕಿತು, ವೀಸಾನೂ ಬಂತು. ಆಗಸ್ಟ್ 12ಕ್ಕೆ ಹೊರಡುತ್ತೇನೆ. ಪೇಪರ್ ತಿದ್ದುವ ಗಡಿಬಿಡಿಯಲ್ಲೂ ಐದು ಪೋರ್ಟಲ್‌ಗಳಿಗೆ ಲಾಗಿನ್ ಆಗಿ ನನ್ನ ಪತ್ರ ಹಾಕಿದಿರಿ. ತುಂಬ ಥ್ಯಾಂಕ್ಸ್ ಸರ್.’ ಹೋಗುವ ಮುನ್ನ ಬಂದು ಕಾಣುತ್ತೇನೆ ಅಂತಲೂ ಸೇರಿಸಿದೆ.

ಹತ್ತೇ ನಿಮಿಷಕ್ಕೆ ಉತ್ತರ: ‘ಸಂತೋಷ ಕಣಯ್ಯ. ಬರುವಾಗ ನನ್ನ ಪುಸ್ತಕ ತಾ. ಎರಡು ವರ್ಷವಾಯಿತು.’